ಕಾಗದದ ಹಣ ಹುಟ್ಟಿದ ನಾಡು

ನಮ್ಮ ನೂರು ರೂಪಾಯಿಯ ನೋಟನ್ನು ನಾವು ದಿನಕ್ಕೆ ಹತ್ತು ಸಲ ಮುಟ್ಟುತ್ತೇವೆ. ಓದುವುದು ಮಾತ್ರ ಅಪರೂಪ. ಅದರ ಮೇಲೆ ರಿಜರ್ವ್ ಬ್ಯಾಂಕಿನ ಗವರ್ನರರು ರುಜು ಹಾಕಿ, ನೋಟನ್ನು ತಂದವರಿಗೆ ನೂರು ರೂಪಾಯಿ ಕೊಡುವುದಾಗಿ ವಚನವಿತ್ತಿದ್ದಾರೆ. ಬಾಲ್ಯದಲ್ಲಿ ಈ ವಾಕ್ಯ ನನಗೆ ದೊಡ್ಡ ಒಗಟಾಗಿತ್ತು. ನನ್ನ ಕೈಯಲ್ಲಿರುವುದೇ ನೂರು ರೂಪಾಯಿ ಆದಮೇಲೆ ಇನ್ನು ಕೊಡುವ ನೂರು ರೂಪಾಯಿ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವನು ಕೊನೆಗೆ ಸಾವಿರ ವರ್ಷದ ಹಿಂದಿನ ಚೀನಾ ದೇಶವನ್ನು, ಅದರಲ್ಲೂ ಪಶ್ಚಿಮದ ಸಿಚುವಾನ್ ಪ್ರಾಂತವನ್ನು ತಲುಪಿದೆ. ಜಗತ್ತಿನ ಮೊದಲ ಕಾಗದದ ಹಣ ಹುಟ್ಟಿದ್ದು ಅಲ್ಲಿ. ಅದು ಕೆಟ್ಟದ್ದೂ ಅಲ್ಲಿಯೇ.

ಅದು ಸುಂಗ್ ವಂಶದ ಅರಸರ ಕಾಲ. 960ರಲ್ಲಿ ಸ್ಥಾಪನೆಯಾದ ಈ ಸಾಮ್ರಾಜ್ಯದಲ್ಲಿ ಸಾಮಾನ್ಯವಾಗಿ ಕಂಚಿನ ನಾಣ್ಯ ನಡೆಯುತ್ತಿತ್ತು. ನಡುವೆ ಚೌಕದ ತೂತು. ಆ ತೂತಿನಲ್ಲಿ ದಾರ ಪೋಣಿಸಿ ಸಾವಿರ ಕಾಸುಗಳನ್ನು ಒಂದು ಸರ ಮಾಡುತ್ತಿದ್ದರು. ದೊಡ್ಡ ವ್ಯವಹಾರವೆಲ್ಲ ಸರಗಳ ಲೆಕ್ಕದಲ್ಲಿ. ಆದರೆ ಬೆಟ್ಟಗಳಿಂದ ಸುತ್ತುವರಿದ ಸಿಚುವಾನಿನಲ್ಲಿ ಮಾತ್ರ ಸರಕಾರ ಕಬ್ಬಿಣದ ನಾಣ್ಯವನ್ನು ನಡೆಸುತ್ತಿತ್ತು. ಕಂಚು ಅಲ್ಲಿಗೆ ಹೋಗದಂತೆ ತಡೆಯೊಡ್ಡಿತ್ತು.

ಕಬ್ಬಿಣದ ತೊಂದರೆಯೇನೆಂದರೆ ತೂಕ ಬಹಳ, ಬೆಲೆ ಕಡಿಮೆ. ಸಣ್ಣ ಕಬ್ಬಿಣದ ಕಾಸಿನ ಹತ್ತು ಸರ 65 ಜಿನ್ ತೂಗುತ್ತಿತ್ತೆಂದು ಆ ಕಾಲದ ದಾಖಲೆ ಹೇಳುತ್ತದೆ. ಜಿನ್ ಎಂದರೆ ನಮ್ಮ ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚು. ಒಂದು ಥಾನು ಒಳ್ಳೆಯ ರೇಷ್ಮೆಗೆ ಇಪ್ಪತ್ತು ಸರದ ಬೆಲೆಯಿದ್ದಾಗ ಅದನ್ನು ಕೊಳ್ಳುವವನು 130 ಜಿನ್, ಎಂದರೆ ಎಂಬತ್ತು ಕಿಲೋಗ್ರಾಮಿಗೂ ಮಿಕ್ಕ ಕಬ್ಬಿಣವನ್ನು ಹೊರಬೇಕು. ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರಬಹುದು. ಅದರ ಬೆಲೆಯನ್ನು ಒಯ್ಯಲು ಕತ್ತೆ ಬೇಕು! ಮೂರು ನಾಲ್ಕು ಸರದ ವ್ಯಾಪಾರಕ್ಕೇ ಪೇಟೆಯಲ್ಲಿ ಪೇಚಾಟ.

ಇಂಥ ಕಡೆ ವರ್ತಕರ ಬುದ್ಧಿ ಸುಮ್ಮನಿರುವುದಿಲ್ಲ. ಹುಂಡಿಯನ್ನು ಬಲ್ಲ ನಮಗೆ ಅವರು ಹೂಡಿದ ಉಪಾಯ ಸುಲಭವಾಗಿ ತಿಳಿಯುತ್ತದೆ. ಹಣವುಳ್ಳವನು ತನ್ನ ಕಬ್ಬಿಣವನ್ನು ರಾಜಧಾನಿಯಾದ ಚೆಂಗ್ಡುವಿನ ಒಬ್ಬ ಸಾಹುಕಾರನ ಅಂಗಡಿಯಲ್ಲಿ ಠೇವಣಿಯಿಡುವನು. ಸಾಹುಕಾರ ಇಷ್ಟು ಹಣ ಬಂದಿದೆ ಎಂದು ಒಂದು ಚೀಟಿ ಕೊಡುವನು. ಚೀಟಿಯನ್ನು ತಂದವರಿಗೆ ಹಣ. ಸರಕ್ಕೆ 30 ಕಾಸು, ಎಂದರೆ ನೂರಕ್ಕೆ ಮೂರರಂತೆ ಕಸರು. ಸಾಹುಕಾರ ನಂಬಿಗಸ್ಥನಾಗಿದ್ದರೆ ಚೀಟಿಯನ್ನು ಹಣವಾಗಿ ಬದಲಾಯಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಚೀಟಿಯನ್ನೇ ಕೊಟ್ಟು ರೇಷ್ಮೆ ಕೊಳ್ಳುತ್ತಾರೆ, ರೇಷ್ಮೆ ಮಾರಿದವನು ಅದನ್ನೇ ಕೊಟ್ಟು ಚಹಾ ಕೊಳ್ಳುತ್ತಾನೆ. ಈ ಚೀಟಿಗೆ ಜಿಯಾವೋಜಿ ಎಂದು ಹೆಸರು ಬಂತು. 993ರಲ್ಲಿ ಎದ್ದ ರೈತರ ದಂಗೆಯಿಂದ ಪ್ರಾಂತದ ಟಂಕಸಾಲೆಗಳ ಕೆಲಸ ನಿಂತು ನಾಣ್ಯಕ್ಕೆ ಅಭಾವವಾದಾಗ ಇದರ ಬಳಕೆ ಇನ್ನೂ ಹೆಚ್ಚಿತು.

ಹನ್ನೊಂದನೆಯ ಶತಮಾನದ ಮೊದಲಲ್ಲಿ ಅಲ್ಲಿಯ ಅಧಿಕಾರಿ ಜಾಂಗ್ ಯೊಂಗ್ ಎಂಬವನು ಈ ಕಸುಬಿಗೆ ಒಂದು ಕಟ್ಟುಪಾಡು ಮಾಡಿ, ಹದಿನಾರು ಶ್ರೀಮಂತ ಮನೆತನಗಳಿಗೆ ಮಾತ್ರ ಅದನ್ನು ವಹಿಸಿದ. ಅವರೆಲ್ಲರೂ ಒಂದೇ ಬಗೆಯ ಕಾಗದವನ್ನು ಬಳಸಿದರು. ಅದರ ಮೇಲೆ ಮನೆ, ಮರ, ಮನುಷ್ಯರ ಚಿತ್ರಗಳನ್ನು ಅಚ್ಚು ಹಾಕಿ, ಕೆಂಪು ಕಪ್ಪು ಮಸಿಯಲ್ಲಿ ತಮ್ಮ ತಮ್ಮ ಗುಟ್ಟಿನ ಗುರುತುಗಳನ್ನು ಒತ್ತಿದರು. ಮೊತ್ತವನ್ನು ಮಾತ್ರ ಕೈಯಲ್ಲಿ ಬರೆಯುತ್ತಿದ್ದರು.

ಠೇವಣಿಯ ಕಬ್ಬಿಣ ಅಂಗಡಿಯ ಹಿಂದೆ ರಾಶಿ ಬಿದ್ದಿದೆ; ಕೇಳಲು ಬರುವವರು ಕೆಲವರೇ. ಹೀಗಿರುವಾಗ ಸಾಹುಕಾರನಿಗೆ ಯಾವ ಯೋಚನೆ ಬರುತ್ತದೆಂದು ಬೇರೆ ಹೇಳಬೇಕೆ? ಜನರ ಹಣದಿಂದ ಅವರು ತಮಗೆ ಮಹಡಿ ಮನೆ ಕಟ್ಟಿಸಿದರು, ಹೊಲಗದ್ದೆ ಕೊಂಡರು. ಒಂದು ದಿನ ಸುದ್ದಿ ಹಬ್ಬಿ, ಚೀಟಿ ಹಿಡಿದವರೆಲ್ಲ ಒಟ್ಟಿಗೇ ಬಂದು ಬಾಗಿಲು ತಟ್ಟಿದಾಗ ಕೊಡಲು ಕಾಸಿಲ್ಲ. ಜಗಳ, ದೊಂಬಿ, ಕಚೇರಿಗೆ ದೂರು. ಅಧಿಕಾರಿಗಳು ನಡುವೆ ಬಂದು ರಾಜಿ ಮಾಡಿಸಿದರೂ ಜನರ ಕೈಗೆ ಪೂರ್ತಿ ಹಣ ಬರಲಿಲ್ಲ. ಬೇಸತ್ತ ಒಬ್ಬ ಅಧಿಕಾರಿ ಅಂಗಡಿಗಳನ್ನೇ ಮುಚ್ಚಿಸಿದ. ಆದರೆ ಅವನ ಬಳಿಕ ಬಂದ ಶ್ಯೂ ತಿಯೆನ್ ಎಂಬವನು ಬೇರೆ ರೀತಿಯಲ್ಲಿ ಯೋಚಿಸಿದ. ಚೀಟಿ ಇಲ್ಲದೆ ಈ ನಾಡಿನ ವ್ಯಾಪಾರ ನಡೆಯದು. ಕೆಟ್ಟದ್ದು ಚೀಟಿಯಲ್ಲ, ಅದನ್ನು ಬರೆದ ಕೈ. ಆದುದರಿಂದ ಸರಕಾರವೇ ಅದನ್ನು ನಡೆಸಲಿ ಎಂದು ಅವನ ವಾದ. 1023ರಲ್ಲಿ ಚಕ್ರವರ್ತಿಯ ಆಸ್ಥಾನ ಒಪ್ಪಿತು. ಮರುವರ್ಷ, 1024ರಲ್ಲಿ, ಚೆಂಗ್ಡುವಿನ ಸರಕಾರಿ ಕಚೇರಿಯಿಂದ ಮೊದಲ ಕಂತಿನ ನೋಟುಗಳು ಹೊರಬಂದವು.

ಆ ಕಚೇರಿಗೆ ಹಾಕಿದ ನಿಯಮಗಳನ್ನು ಓದಿದಾಗ ನನಗೆ ನಿಜವಾಗಿ ಆಶ್ಚರ್ಯವಾಯಿತು. ಅವು ಮೂರೇ ನಿಯಮಗಳು. ಮುಂದಿನ ಕಥೆಯೆಲ್ಲ ಅವು ಒಂದೊಂದಾಗಿ ಮುರಿದ ಕಥೆಯಾದ್ದರಿಂದ ಓದುಗರು ಅವುಗಳನ್ನು ನೆನಪಿನಲ್ಲಿಡಬೇಕು.

ಮೊದಲನೆಯದು ಮಿತಿ. ಒಂದು ಕಂತಿನಲ್ಲಿ 12,56,340 ಸರಗಳ ನೋಟು, ಅದಕ್ಕಿಂತ ಹೆಚ್ಚಿಲ್ಲ. ಎರಡನೆಯದು ಆಧಾರ. ನೋಟು ತಂದವರಿಗೆ ಕೊಡಲೆಂದು 3,60,000 ಸರ ಕಬ್ಬಿಣದ ನಾಣ್ಯವನ್ನು ಬೇರೆ ತೆಗೆದಿಡಬೇಕು. ನೂರಕ್ಕೆ 28ರಷ್ಟು ಎಂದಾಯಿತು. ಎಲ್ಲರೂ ಒಂದೇ ದಿನ ಬರುವುದಿಲ್ಲವೆಂಬ ಅನುಭವದಿಂದ ಕಟ್ಟಿದ ಲೆಕ್ಕ ಇದು. ಮೂರನೆಯದು ಅವಧಿ. ನೋಟಿಗೆ ಎರಡು ವರ್ಷದ ಆಯುಸ್ಸು. ಅದು ಮುಗಿದಾಗ ಹಳೆಯದನ್ನು ತಂದು, ಸರಕ್ಕೆ 30 ಕಾಸಿನ ಕಸರು ತೆತ್ತು, ಹೊಸ ಕಂತಿನ ನೋಟು ಪಡೆಯಬೇಕು. ಕಾಗದ ಸವೆಯುತ್ತದೆ ಎಂಬುದು ಇದಕ್ಕೆ ಒಂದು ಕಾರಣ. ಆದರೆ ಅದರಿಂದ ಇನ್ನೂ ದೊಡ್ಡ ಲಾಭವಿತ್ತು: ಎರಡು ವರ್ಷಕ್ಕೊಮ್ಮೆ ಎಲ್ಲ ನೋಟುಗಳೂ ಕಚೇರಿಗೆ ಮರಳಿ ಬಂದು ಎಣಿಕೆಗೆ ಸಿಗುತ್ತಿದ್ದವು. ಹೊರಗೆ ಎಷ್ಟು ಹೋಗಿದೆ, ಎಷ್ಟು ಬಂತು ಎಂಬ ಲೆಕ್ಕವನ್ನು ಯಾರೂ ಮರೆಮಾಚುವಂತಿರಲಿಲ್ಲ.

ಈ ಮೂರು ನಿಯಮಗಳು ಗಟ್ಟಿಯಾಗಿದ್ದಷ್ಟು ಕಾಲ ನೋಟೂ ಗಟ್ಟಿಯಾಗಿತ್ತು. ಗಟ್ಟಿ ಎಂಬುದಕ್ಕೆ ಪುರಾವೆಯೇನು? ಕವಿ ಸೂ ಶಿಯ ತಮ್ಮ ಸೂ ಜೆ ಸಿಚುವಾನಿನಲ್ಲಿಯೇ ಹುಟ್ಟಿ ಬೆಳೆದವನು. 1086ರಲ್ಲಿ ಸರಕಾರಕ್ಕೆ ಬರೆದ ಒಂದು ಬಿನ್ನಹದಲ್ಲಿ ಅವನು ಹಿಂದಿನ ದಿನಗಳನ್ನು ನೆನೆದಿದ್ದಾನೆ. ಆಗ ಒಂದು ಸರದ ನೋಟಿಗೆ ಪೇಟೆಯಲ್ಲಿ 1,100 ಕಾಸು ಕೊಟ್ಟು ಕೊಳ್ಳುವವರಿದ್ದರಂತೆ! ಹೊರುವ ಕಷ್ಟ ತಪ್ಪುತ್ತದೆಂದು ಜನ ಕಾಗದಕ್ಕೆ ಕಬ್ಬಿಣಕ್ಕಿಂತ ನೂರು ಕಾಸು ಹೆಚ್ಚು ಬೆಲೆ ಕಟ್ಟಿದರು. ಆದರೆ ಅದೇ ಬಿನ್ನಹದಲ್ಲಿ ಅವನು ತನ್ನ ಕಾಲದ ಬೆಲೆಯನ್ನೂ ಹೇಳುತ್ತಾನೆ: ಈಗ ಅದು 900 ಚಿಲ್ಲರೆಗೆ ಇಳಿದಿದೆ. ಕಾಗದದ ಹಣ ಕೆಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅರಮನೆಯ ಲೆಕ್ಕಪತ್ರ ನೋಡಬೇಕಾಗಿಲ್ಲ. ಪೇಟೆಯಲ್ಲಿ ಅದಕ್ಕೆ ಎಷ್ಟು ಲೋಹ ಕೊಡುತ್ತಾರೆಂದು ಕೇಳಿದರೆ ಸಾಕು. 1,100ರಿಂದ 900ಕ್ಕೆ ಬಂದ ಈ ಇಳಿತದ ಹಿಂದೆ ಏನು ನಡೆದಿತ್ತು?

ಯುದ್ಧ ನಡೆದಿತ್ತು. ಸಾಮ್ರಾಜ್ಯದ ವಾಯವ್ಯ ಗಡಿಯಲ್ಲಿ ತಂಗುಟರ ರಾಜ್ಯವೊಂದು ತಲೆಯೆತ್ತಿ 1040ರ ಸುಮಾರಿಗೆ ಸುಂಗ್ ಸೈನ್ಯವನ್ನು ಮೇಲಿಂದ ಮೇಲೆ ಸೋಲಿಸಿತು. ಗಡಿಯಲ್ಲಿ ಲಕ್ಷಗಟ್ಟಲೆ ಸೈನಿಕರು. ಅವರಿಗೆ ಅಕ್ಕಿ, ಗೋಧಿ, ಕುದುರೆಗಳಿಗೆ ಮೇವು ಬೇಕು. ವರ್ತಕರು ಧಾನ್ಯವನ್ನು ಗಡಿಗೆ ಒಯ್ದು ಕೊಟ್ಟರೆ ಬೆಲೆ ಕೊಡಬೇಕು. ಬೊಕ್ಕಸದಲ್ಲಿ ಅಷ್ಟು ಹಣವಿಲ್ಲ. ಆಗ ಯಾರಿಗೋ ಪಕ್ಕದ ಸಿಚುವಾನಿನ ಅಚ್ಚುಮಣೆ ನೆನಪಾಯಿತು. ಎರಡು ಸಲ ಸೇರಿ 6 ಲಕ್ಷ ಸರಗಳ ನೋಟನ್ನು ಅಚ್ಚು ಹಾಕಿ ಗಡಿಯ ಚಿನ್‌ಜೌ ಪಟ್ಟಣಕ್ಕೆ ಕಳುಹಿಸಿದರು. ಧಾನ್ಯ ಕೊಟ್ಟ ವರ್ತಕ ಈ ನೋಟನ್ನು ಚೆಂಗ್ಡುವಿಗೆ ತಂದು ನಾಣ್ಯ ಪಡೆಯಬೇಕೆಂಬ ಏರ್ಪಾಡು. ಆದರೆ ಈ 6 ಲಕ್ಷಕ್ಕೆ ಪ್ರತಿಯಾಗಿ ಒಂದು ಕಾಸನ್ನೂ ತೆಗೆದಿಟ್ಟಿರಲಿಲ್ಲ. ಹಿಂದೆ ಚೆಂಗ್ಡುವಿನಲ್ಲಿ ಅಧಿಕಾರಿಯಾಗಿದ್ದ ವೆನ್ ಯಾನ್‌ಬೋ 1047ರಲ್ಲಿ ಇದನ್ನು ನೇರವಾಗಿಯೇ ಆಕ್ಷೇಪಿಸಿದ. ಹಣವಿಲ್ಲದೆ ಬರಿದೇ ಅಚ್ಚು ಹಾಕಿ ಕಳುಹಿಸಿದ್ದಾರೆ, ಇದು ಕೊನೆಗೆ ಸಿಚುವಾನಿನ ಜನರ ಮೇಲೆ ಬೀಳುತ್ತದೆ ಎಂಬುದು ಅವನ ಎಚ್ಚರಿಕೆಯ ತಾತ್ಪರ್ಯ. ಸಾಹುಕಾರರು ಮಹಡಿ ಮನೆಗಾಗಿ ಮಾಡಿದ್ದನ್ನು ಸರಕಾರ ಸೈನ್ಯಕ್ಕಾಗಿ ಮಾಡಿತ್ತು.

ಆ ಸಲ ಹೇಗೋ ನಿಭಾಯಿಸಿದರು. ಆದರೆ ಒಮ್ಮೆ ಹಾಕಿದ ಹೆಜ್ಜೆಯ ಜಾಡು ಅಳಿಯಲಿಲ್ಲ. 1072ರಲ್ಲಿ ಅವಧಿಯ ನಿಯಮ ಸಡಿಲವಾಯಿತು. ಹಳೆಯ ಕಂತು ಪೂರ್ತಿ ಹಿಂದಕ್ಕೆ ಬರುವ ಮೊದಲೇ ಹೊಸ ಕಂತು ಹೊರಟಿತು. ಅಂದಿನಿಂದ ಎರಡು ಕಂತುಗಳು ಜೊತೆಜೊತೆಯಾಗಿ ಚಲಾವಣೆಯಲ್ಲಿ ಉಳಿದವು. ಒಂದು ಕಂತಿನ ಮೊತ್ತ ಕಾಗದದ ಮೇಲೆ ಹನ್ನೆರಡೂವರೆ ಲಕ್ಷವೇ. ಯಾರೂ ಮಿತಿಯನ್ನು ಮೀರಿದಂತೆ ಕಾಣುವುದಿಲ್ಲ. ಆದರೆ ಪೇಟೆಯಲ್ಲಿ ಇರುವ ನೋಟು ಇಮ್ಮಡಿಯಾಗಿದೆ. ಸೂ ಜೆ ಕಂಡ 900 ಕಾಸಿನ ಬೆಲೆ ಈ ಹದಿನಾಲ್ಕು ವರ್ಷಗಳ ಫಲ. ಇಮ್ಮಡಿಯಾದರೂ ಬೆಲೆ ಅರ್ಧಕ್ಕೆ ಇಳಿಯಲಿಲ್ಲವೆಂಬುದನ್ನೂ ಗಮನಿಸಬೇಕು. ಆಧಾರದ ನಾಣ್ಯ ಇನ್ನೂ ಇತ್ತು, ನೋಟು ಅನುಕೂಲವಾಗಿತ್ತು, ವ್ಯಾಪಾರ ಬೆಳೆಯುತ್ತಿತ್ತು. ಜನ ಬಹಳಷ್ಟನ್ನು ಸಹಿಸುತ್ತಾರೆ. ಅದೇ ಆಳುವವರಿಗೆ ಮೋಸದ ಧೈರ್ಯ ಕೊಡುತ್ತದೆ.

ಈ ಧೈರ್ಯ ಮೇರೆ ಮೀರಿದ್ದು ಹ್ವೇಜುಂಗ್ ಚಕ್ರವರ್ತಿಯ ಕಾಲದಲ್ಲಿ. ಅವನು 1100ರಲ್ಲಿ ಪಟ್ಟಕ್ಕೆ ಬಂದವನು; ಒಳ್ಳೆಯ ಚಿತ್ರಕಾರ, ಅಕ್ಷರ ಬರೆಯುವುದರಲ್ಲಿ ತನ್ನದೇ ಶೈಲಿ ಕಟ್ಟಿದವನು. ರಾಜ್ಯಭಾರವನ್ನು ತ್ಸಾಯ್ ಜಿಂಗ್ ಎಂಬ ಮಂತ್ರಿಗೆ ಬಿಟ್ಟಿದ್ದ. ಪಶ್ಚಿಮದಲ್ಲಿ ಹೊಸ ಪ್ರದೇಶಗಳನ್ನು ಗೆಲ್ಲುವ ದಂಡಯಾತ್ರೆಗಳು ಶುರುವಾದವು. ಖರ್ಚಿಗೆ ಮತ್ತೆ ಅದೇ ಅಚ್ಚುಮಣೆ. ಕೆಲವೇ ವರ್ಷಗಳಲ್ಲಿ ಹೊರಗೆ ಹೋದ ನೋಟು 1024ರ ಮಿತಿಯ ಇಪ್ಪತ್ತು ಪಟ್ಟನ್ನು ಮೀರಿತು. ಆಧಾರಕ್ಕೆ ನಾಣ್ಯ ಇಡುವ ಪದ್ಧತಿಯನ್ನೂ ಕೈಬಿಟ್ಟರು. ಹೀಗೆ ಮೂರು ನಿಯಮಗಳೂ ಹೋದವು.

ಕಂತು ಬದಲಾಯಿಸುವ ಸಮಯ ಬಂದಾಗ ಸರಕಾರ ಒಂದು ಆಜ್ಞೆ ಹೊರಡಿಸಿತು: ಹಳೆಯ ನೋಟು ನಾಲ್ಕು ಕೊಟ್ಟರೆ ಹೊಸ ನೋಟು ಒಂದು. ಇದರ ಅರ್ಥವನ್ನು ಒಬ್ಬ ಮನುಷ್ಯನ ಕೈಯಲ್ಲಿಟ್ಟು ನೋಡೋಣ. ಬೆಟ್ಟದ ಚಹಾ ಬೆಳೆಗಾರನೊಬ್ಬ ತನ್ನ ಬೆಳೆಯನ್ನು ಸರಕಾರಕ್ಕೇ ಮಾರಿ ಎಂಟು ಸರದ ನೋಟು ಪಡೆದಿದ್ದಾನೆಂದು ಇಟ್ಟುಕೊಳ್ಳಿ. ಮಗಳ ಮದುವೆಗೆಂದು ಪೆಟ್ಟಿಗೆಯಲ್ಲಿಟ್ಟಿದ್ದಾನೆ. ಅವಧಿ ಮುಗಿಯಿತೆಂದು ಡಂಗುರವಾದಾಗ ಕಚೇರಿಗೆ ಹೋಗುತ್ತಾನೆ. ಎಂಟು ಸರ ಕೊಟ್ಟು ಎರಡು ಸರ ತೆಗೆದುಕೊಂಡು ಮನೆಗೆ ಬರುತ್ತಾನೆ. ಯಾರೂ ಅವನ ಮನೆಗೆ ಕನ್ನ ಹಾಕಲಿಲ್ಲ, ಅವನ ಮೇಲೆ ಹೊಸ ತೆರಿಗೆಯನ್ನೂ ವಿಧಿಸಲಿಲ್ಲ. ಆದರೂ ನಾಲ್ಕರಲ್ಲಿ ಮೂರು ಪಾಲು ಹೋಯಿತು. ಗಡಿಯ ಯುದ್ಧದ ವೆಚ್ಚವನ್ನು ತೆತ್ತವನು ಅವನೇ. ಎಷ್ಟು ತೆತ್ತೆನೆಂಬುದು ಅವನಿಗೆ ತಿಳಿದದ್ದು ಆ ದಿನ.

ಮುಂದೆ ಸರಕಾರ ನೋಟಿನ ಹೆಸರನ್ನೇ ಬದಲಾಯಿಸಿತು. ಜಿಯಾವೋಜಿ ಹೋಗಿ 1107ರಲ್ಲಿ ಸಿಚುವಾನಿನಲ್ಲಿ ಚಿಯೆನ್‌ಯಿನ್ ಬಂತು. ಹೆಸರು ಕೆಟ್ಟರೆ ಅಂಗಡಿಯ ಫಲಕ ಬದಲಿಸುವ ವ್ಯಾಪಾರಿಯ ಜಾಣತನ ಇದು. ಇದೇ ಹೊಸ ನೋಟನ್ನು ಬೇರೆ ಪ್ರಾಂತಗಳಿಗೂ ಹಬ್ಬಿಸಿದರು; ಆದರೆ ಫೂಜಿಯಾನ್ ಮೊದಲಾದ ಕೆಲವನ್ನು ಬಿಟ್ಟರು. ಫೂಜಿಯಾನ್ ತ್ಸಾಯ್ ಜಿಂಗನ ಹುಟ್ಟೂರಿನ ಪ್ರಾಂತ, ಅದಕ್ಕೇ ಪಾರಾಯಿತು ಎಂದು ಅವನ ಎದುರಾಳಿ ಮಂತ್ರಿ ಚುಚ್ಚಿ ಆಡಿದ ಮಾತನ್ನು ಸುಂಗ್ ವಂಶದ ಅಧಿಕೃತ ಇತಿಹಾಸ ಉಳಿಸಿಕೊಂಡಿದೆ. ಸಾವಿರ ಕಾಸಿನ ನೋಟು ಕೊನೆಗೆ ಹತ್ತು ಚಿಲ್ಲರೆ ಕಾಸಿಗೆ ಇಳಿಯಿತೆಂದೂ ಅದೇ ಇತಿಹಾಸ ಹೇಳುತ್ತದೆ. ಒಮ್ಮೆ ಜನ 1,100 ಕೊಟ್ಟು ಕೊಂಡ ನೋಟು ಅದು!

ಇಲ್ಲಿಗೆ ಕಥೆ ಮುಗಿದಿದ್ದರೆ, ಕಾಗದದ ಹಣವೆಂಬುದೇ ಮೋಸ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮುಂದೆ ನಡೆದದ್ದು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ಮುಖ್ಯ ಭಾಗ. 1109ರಲ್ಲಿ ಸರಕಾರ 41 ಮತ್ತು 42ನೆಯ ಕಂತಿನ ನೋಟುಗಳನ್ನು ಇನ್ನು ಬದಲಾಯಿಸಿ ಕೊಡುವುದಿಲ್ಲವೆಂದು ಸಾರಿತು. ಅವನ್ನು ಹಿಡಿದವರ ಪಾಲಿಗೆ ಅದು ಸಿಡಿಲು. ಆದರೆ ಜೊತೆಯಲ್ಲಿಯೇ ಇನ್ನು ಮುಂದೆ 1024ರ ಹಳೆಯ ಮಿತಿಯನ್ನು ಮೀರುವುದಿಲ್ಲವೆಂದೂ ಕಟ್ಟು ಮಾಡಿತು. ಮರುವರ್ಷ 5 ಲಕ್ಷ ಸರ ನಾಣ್ಯವನ್ನು ಚೆಂಗ್ಡು ಕಚೇರಿಯಲ್ಲಿ ಆಧಾರವಾಗಿ ಇರಿಸಿ, ಅದನ್ನು ಬೇರೆ ಕೆಲಸಕ್ಕೆ ಎತ್ತಿದವರಿಗೆ ಶಿಕ್ಷೆಯೆಂದು ವಿಧಿಸಿತು. ಹತ್ತು ಹದಿನೈದು ವರ್ಷಗಳಲ್ಲಿ ನೋಟಿನ ಬೆಲೆ ಮತ್ತೆ ಸಮಕ್ಕೆ ಬಂದಿತ್ತು. ಅದೇ ಕಾಗದ, ಅದೇ ಜನ, ಅದೇ ಕಚೇರಿ. ಬದಲಾದದ್ದು ಎಷ್ಟು ಅಚ್ಚು ಹಾಕಿದರು, ಎಷ್ಟು ತೆಗೆದಿಟ್ಟರು ಎಂಬುದು ಮಾತ್ರ. ನೋಟನ್ನು ಕೆಡಿಸಿದ್ದು ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೆ ಔಷಧ ತಿಳಿದಿದ್ದರೂ ರೋಗ ಮರಳಿತು. 1127ರಲ್ಲಿ ಉತ್ತರದ ಜುರ್ಚೆನ್ನರು ರಾಜಧಾನಿಯನ್ನು ಹಿಡಿದು ಹ್ವೇಜುಂಗನನ್ನು ಸೆರೆಯಾಳಾಗಿ ಒಯ್ದರು. ಸುಂಗ್ ವಂಶ ದಕ್ಷಿಣಕ್ಕೆ ಸರಿದು ಉಳಿಯಿತು. ಸಿಚುವಾನ್ ಈಗ ಯುದ್ಧದ ಗಡಿಯಾಯಿತು. ಸುಮಾರು 1160ರ ವೇಳೆಗೆ ಅಲ್ಲಿ ಹೊರಗಿದ್ದ ನೋಟು 4 ಕೋಟಿ 14 ಲಕ್ಷ ಸರಕ್ಕೂ ಹೆಚ್ಚು. ಆಧಾರದ ಕಬ್ಬಿಣ 7 ಲಕ್ಷ ಸರ ಮಾತ್ರ. ನೂರಕ್ಕೆ 28 ಇದ್ದುದು ನೂರಕ್ಕೆ ಎರಡೂ ಇಲ್ಲದಂತಾಯಿತು. ಹಾಗಿದ್ದರೂ ನೋಟು ಪೂರ್ತಿ ಬೀಳದಿದ್ದುದಕ್ಕೆ ಒಂದು ಕಾರಣವಿತ್ತು. ಉಪ್ಪು ಮತ್ತು ಮದ್ಯದಿಂದ ಬರುವ ಆದಾಯಕ್ಕೆ ಸರಕಾರ ತನ್ನ ನೋಟನ್ನು ತಾನೇ ತೆಗೆದುಕೊಳ್ಳುತ್ತಿತ್ತು. ಪೆಟ್ಟಿಗೆಯಲ್ಲಿ ಲೋಹವಿಲ್ಲದಿದ್ದರೂ, ಕೊಟ್ಟವನೇ ಹಿಂದಕ್ಕೆ ಪಡೆಯುತ್ತಾನೆಂಬ ಭರವಸೆ ನೋಟನ್ನು ಸ್ವಲ್ಪ ಕಾಲ ಎತ್ತಿ ಹಿಡಿಯಬಲ್ಲುದು. ಆದರೆ ತೆರಿಗೆಯಲ್ಲಿ ಹಿಂತಿರುಗುವುದಕ್ಕಿಂತ ಹೆಚ್ಚು ನೋಟು ಹೊರಟಾಗ ಆ ಆಸರೆಯೂ ಸಾಲದು.

ನಮ್ಮ ದೇಶದ ಮಹಮ್ಮದ್ ತುಘಲಕನೂ 1330ರ ಸುಮಾರಿಗೆ ಬೆಳ್ಳಿಗೆ ಬದಲು ಹಗುರ ಲೋಹದ ನಾಣ್ಯವನ್ನು ನಡೆಸಿ ಸೋತ. ಗಿರೀಶ ಕಾರ್ನಾಡರ ನಾಟಕದಿಂದ ಆ ಕಥೆ ಕನ್ನಡಿಗರಿಗೆ ಚಿರಪರಿಚಿತ. ಎರಡನ್ನೂ ಒಂದೇ ಎಂದು ಭಾವಿಸಬಾರದು. ತುಘಲಕನ ನಾಣ್ಯವನ್ನು ಕೆಡಿಸಿದ್ದು ಮುಖ್ಯವಾಗಿ ಖೋಟಾ. ಜನ ಮನೆಮನೆಯಲ್ಲಿ ನಾಣ್ಯ ಮಾಡಿಕೊಂಡರು. ಸಿಚುವಾನಿನಲ್ಲಿ ಕೆಟ್ಟ ನೋಟುಗಳು ಖೋಟಾ ಆಗಿರಲಿಲ್ಲ. ಎಲ್ಲವೂ ಸರಿಯಾದ ಕಾಗದದ, ಸರಿಯಾದ ಮೊಹರಿನ ಅಸಲಿ ನೋಟುಗಳೇ.

ಕೊನೆಗೆ ಒಬ್ಬ ಅರಸನ ಮಾತು ಹೇಳಿ ಮುಗಿಸುತ್ತೇನೆ. ದಕ್ಷಿಣದ ಹೊಸ ರಾಜಧಾನಿಯಲ್ಲಿಯೂ 1160ರಿಂದ ಹ್ವೇಜಿ ಎಂಬ ಸರಕಾರಿ ನೋಟು ಶುರುವಾಯಿತು. ಎರಡು ವರ್ಷದ ಬಳಿಕ ಪಟ್ಟಕ್ಕೆ ಬಂದ ಶ್ಯಾವ್‌ಜುಂಗ್ ಚಕ್ರವರ್ತಿಗೆ ಸಿಚುವಾನಿನ ಪಾಠ ಗೊತ್ತಿತ್ತು. 1166ರಲ್ಲಿ ಅವನು ಬೊಕ್ಕಸದಿಂದ ಬೆಳ್ಳಿ ತೆಗೆದು ಪೇಟೆಯ ಹೆಚ್ಚಿನ ನೋಟುಗಳನ್ನು ಕೊಂಡು ಹಿಂದಕ್ಕೆ ಪಡೆದ. 1168ರಲ್ಲಿ ಒಂದು ಕಂತಿಗೆ 1 ಕೋಟಿ ಸರವೆಂದು ಮಿತಿ ಹಾಕಿದ. ಈ ನೋಟುಗಳ ಚಿಂತೆಯಿಂದ ತನಗೆ ಸುಮಾರು ಹತ್ತು ವರ್ಷ ನಿದ್ದೆಯೇ ಇರಲಿಲ್ಲವೆಂದು ಅವನು ತನ್ನ ಆಸ್ಥಾನದ ವಿದ್ವಾಂಸನೊಬ್ಬನಲ್ಲಿ ಹೇಳಿಕೊಂಡನಂತೆ. ಅವನ ಕಾಲದಲ್ಲಿ ನೋಟು ನೆಟ್ಟಗೆ ನಿಂತಿತು. ಅವನ ನಂತರದವರು 1206ರಲ್ಲಿ ಮತ್ತೆ ಯುದ್ಧಕ್ಕೆ ಇಳಿದರು; ಮಿತಿ ಹಾರಿಹೋಯಿತು. 1246ರಲ್ಲಿ ಹೊರಗಿದ್ದ ಹ್ವೇಜಿ 65 ಕೋಟಿ ಸರ. ಮರುವರ್ಷ, ಚಲಾವಣೆಯಲ್ಲಿದ್ದ ಎರಡು ಕಂತುಗಳಿಗೆ ಅವಧಿಯೇ ಇಲ್ಲವೆಂದು ಸಾರಿ, ಎಣಿಸುವ ಪದ್ಧತಿಯನ್ನೇ ಮುಗಿಸಿಬಿಟ್ಟರು. 1279ರಲ್ಲಿ ಸುಂಗ್ ವಂಶವೂ ಮುಗಿಯಿತು.

ನನ್ನ ಬಾಲ್ಯದ ಒಗಟಿಗೆ ಸಿಕ್ಕ ಉತ್ತರ ಇಷ್ಟು. ಇಂದು ನೂರು ರೂಪಾಯಿಯ ನೋಟನ್ನು ಹಿಡಿದು ಹೋದರೆ ನಮಗೆ ಯಾರೂ ಬೆಳ್ಳಿ ತೂಗಿ ಕೊಡುವುದಿಲ್ಲ. ಹೆಚ್ಚೆಂದರೆ ಬೇರೆ ನೋಟೋ ಚಿಲ್ಲರೆಯೋ ಸಿಕ್ಕೀತು. ಕಬ್ಬಿಣದ ರಾಶಿ ಹೋಯಿತು, ವಚನದ ವಾಕ್ಯ ಉಳಿಯಿತು. ಆ ವಾಕ್ಯಕ್ಕೆ ಬೆಲೆ ಬರುವುದು ಅಚ್ಚುಮಣೆಯ ಮುಂದೆ ಕುಳಿತವನು ತನ್ನ ಕೈಯನ್ನು ಎಷ್ಟು ತಡೆದುಕೊಳ್ಳುತ್ತಾನೆ ಎಂಬುದರಿಂದ. ಆ ಚಿಂತೆಯಲ್ಲಿ ಅವನು ನಿದ್ದೆಗೆಟ್ಟಷ್ಟು ಕಾಲ ಮಗಳ ಮದುವೆಗೆ ಹಣ ಕೂಡಿಟ್ಟವನು ನಿಶ್ಚಿಂತೆಯಿಂದ ಮಲಗಬಹುದು.